ನೋಡುವವರು ಯಾರು, ಕೊಳ್ಳುವವರು ಯಾರು: ಇನ್‌ಸ್ಟಾಗ್ರಾಮ್ ಇನ್‌ಸೈಟ್ಸನ್ನು ಆರ್ಡರ್ ವಹಿಯ ಜೊತೆ ತಾಳೆ ನೋಡುವ ಬಗೆ

ಕಲಬುರಗಿಯ ನಮ್ಮ ಮನೆಯಲ್ಲಿ ವೈನಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತಾರೆ. ಇನ್‌ಸ್ಟಾಗ್ರಾಮ್ ಪೇಜ್ ನೋಡಿಕೊಳ್ಳುವುದು ನನ್ನ ಕೆಲಸ. ಫಾಲೋವರ್ಸ್ 4,000 ದಾಟಿದ ದಿನ ನಾನು ಖುಷಿಯಿಂದ ಫೋನ್ ತೋರಿಸಿದೆ. ವೈನಿ ಒಲೆ ಮುಂದೆಯೇ ಕೂತು ಕೇಳಿದರು, "ತಮ್ಮಾ, ನಾಕ್ ಸಾವಿರ ಮಂದಿ ಅಂತಿ. ವಾರಕ್ಕ ಆರೇಳು ಆರ್ಡರ್ ಬರ್ತಾವ. ಉಳಿದ ಮಂದಿ ಎಲ್ಲಿ ಅದಾರ?"

ಆ ಪ್ರಶ್ನೆಗೆ ಉತ್ತರ ಹುಡುಕಲು ಎರಡು ಸಂಜೆ ಹಿಡಿಯಿತು. ಆಗ ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಹಿಡಿಯಲು ಸುಲಭವಾಗಲಿ ಅಂತ ನಮ್ಮ ಅಂಕಿಗಳನ್ನು ಹತ್ತಿರದ ಸುತ್ತು ಸಂಖ್ಯೆಗೆ ತಂದಿದ್ದೇನೆ. ನಿಮ್ಮದು ಬಿದ್ರಿ ಸಾಮಾನಿರಲಿ, ಇಳಕಲ್ ಸೀರೆಯಿರಲಿ, ಅಂಕಿ ಬೇರೆಯಾಗುತ್ತದೆ, ಕ್ರಮ ಇದೇ.

ಮೊದಲು ವಹಿ, ಆಮೇಲೆ ಫೋನು

ಇನ್‌ಸೈಟ್ಸ್ ಅಂದರೆ ಪೇಜ್ ನೋಡುವವರ ಬಗ್ಗೆ ಇನ್‌ಸ್ಟಾಗ್ರಾಮ್ ತೋರಿಸುವ ಅಂಕಿಗಳು. ಅದನ್ನು ತೆರೆಯುವ ಮುಂಚೆ ಕೊಂಡವರ ಪಟ್ಟಿ ಮಾಡಿ. ಈ ಕ್ರಮ ತಪ್ಪಿಸಬೇಡಿ. ಮೊದಲೇ ಫೋನಿನಲ್ಲಿ "18–24 ಗಂಡುಮಕ್ಕಳು ಜಾಸ್ತಿ" ಅಂತ ನೋಡಿಬಿಟ್ಟರೆ, ಆಮೇಲೆ ವಹಿ ಬರೆಯುವಾಗ ಸಂಶಯವಿರುವ ಪ್ರತಿ ಹೆಸರನ್ನೂ ಆ ಕಡೆಗೇ ತಳ್ಳುತ್ತೀರಿ. ನಾನು ಮೊದಲ ಸಲ ಹಾಗೇ ಮಾಡಿ, ಪಟ್ಟಿಯನ್ನು ಹರಿದು ಮತ್ತೆ ಬರೆದೆ.

ಹಿಂದಿನ 90 ದಿನದ ಆರ್ಡರ್ ತೆಗೆದುಕೊಳ್ಳಿ. ವಾಟ್ಸ್ಯಾಪ್, ಇನ್‌ಸ್ಟಾಗ್ರಾಮ್ ಮೆಸೇಜು, ಕೊರಿಯರ್ ರಸೀದಿ, ಯುಪಿಐ ಪಟ್ಟಿ ಎಲ್ಲವನ್ನೂ ಮುಂದಿಟ್ಟುಕೊಳ್ಳಿ. ಒಬ್ಬ ಗಿರಾಕಿಗೆ ಒಂದೇ ಸಾಲು ಬರೆಯಿರಿ. ಅವರು ನಾಲ್ಕು ಸಲ ತರಿಸಿದ್ದರೂ ಸಾಲು ಒಂದೇ, ಪಕ್ಕದಲ್ಲಿ 4 ಅಂತ ಹಾಕಿ. ಇನ್‌ಸೈಟ್ಸ್‌ನಲ್ಲಿ ಫಾಲೋವರ್ಸ್ ಅಂತ ಎಣಿಸುವುದು ಖಾತೆಗಳನ್ನು, ಅಂದರೆ ತಲೆಗಳನ್ನು. ನೀವು ಈ ಕಡೆ ಆರ್ಡರ್ ಎಣಿಸಿದರೆ ತಾಳೆ ಆಗುವುದಿಲ್ಲ. ನಮ್ಮಲ್ಲಿ ಆರ್ಡರ್ 84 ಇದ್ದವು, ಜನ 60 ಮಾತ್ರ.

ಪ್ರತಿ ಸಾಲಿನಲ್ಲಿ ನಾಲ್ಕು ವಿಷಯ ಬೇಕು: ಪಿನ್ ಕೋಡ್, ಮೊದಲ ಸಲ ಎಲ್ಲಿಂದ ಬಂದರು, ನಿಜವಾಗಿ ಆರ್ಡರ್ ಹೇಳಿದವರು ಯಾರು, ಎಷ್ಟು ಸಲ ಕೊಂಡರು.

ಪಿನ್ ಕೋಡ್ ನಮಗೆ ಬಹಳ ಅನುಕೂಲವಾಯಿತು. ಗಿರಾಕಿಗಳು ವಿಳಾಸವನ್ನು ಹೇಗೆ ಬೇಕೋ ಹಾಗೆ ಬರೆಯುತ್ತಾರೆ. ಒಬ್ಬರು ಬೆಂಗಳೂರು ಅಂದರೆ ಇನ್ನೊಬ್ಬರು ಬರೀ ವೈಟ್‌ಫೀಲ್ಡ್ ಅಂತ ಬರೆದಿರುತ್ತಾರೆ. ಪಿನ್ನಿನ ಮೊದಲ ಮೂರು ಅಂಕಿ ನೋಡಿದರೆ ಆ ಗೊಂದಲ ಇಲ್ಲ. 560 ಇದ್ದರೆ ಬೆಂಗಳೂರು, 500 ಹೈದರಾಬಾದ್, 411 ಪುಣೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಮೂರೂ 585ರಲ್ಲಿ ಬರುತ್ತವೆ. ಹಾಗಾಗಿ 585 ಬಂದಾಗ ಮಾತ್ರ ಊರಿನ ಹೆಸರನ್ನೂ ಓದಬೇಕು. ಬಸ್ ಪಾರ್ಸೆಲ್‌ನಲ್ಲಿ ಕಳಿಸಿದವಕ್ಕೆ ಪಿನ್ ಇರುವುದಿಲ್ಲ, ಅಲ್ಲಿ ಇಳಿಸಿದ ಊರನ್ನೇ ಬರೆದುಕೊಳ್ಳಿ.

ಗೂಗಲ್ ಶೀಟ್‌ನಲ್ಲಿ ಬರೆಯುವವರಾದರೆ ಪಿನ್ ಕೋಡನ್ನು B ಕಾಲಮ್ಮಿನಲ್ಲಿ ಹಾಕಿ, F ಕಾಲಮ್ಮಿನಲ್ಲಿ ಮೊದಲನೇ ಸೂತ್ರ ಕೊಟ್ಟು ಕೆಳಗೆ ಎಳೆಯಿರಿ. ಎರಡನೆಯದನ್ನು ಬೇರೆ ಖಾಲಿ ಕಾಲಮ್ಮಿನಲ್ಲಿ ಹಾಕಿದರೆ ಬೆಂಗಳೂರಿನ ಜನ ಎಷ್ಟು ಅಂತ ಬರುತ್ತದೆ.

```
=LEFT(B2,3)
=COUNTIF(F:F,"560")
```

ನಮ್ಮ 60 ಜನ ಹೀಗೆ ಬಿದ್ದರು: ಬೆಂಗಳೂರು 27, ಪುಣೆ 10, ಕಲಬುರಗಿ 9, ಹೈದರಾಬಾದ್ 8, ಉಳಿದ ಊರುಗಳೆಲ್ಲ ಸೇರಿ 6.

ಮೊದಲ ಸಲ ಎಲ್ಲಿಂದ ಬಂದರು ಅನ್ನುವುದನ್ನು ಊಹಿಸಬೇಡಿ. ಮೊದಲ ಮೆಸೇಜು ಎಲ್ಲಿ ಬಂತು ಅಂತ ಹಿಂದಕ್ಕೆ ಹೋಗಿ ನೋಡಿ. ಗೊತ್ತಾಗದಿದ್ದರೆ ಕೇಳಿಬಿಡಿ. "ನಮ್ಮ ರೊಟ್ಟಿ ವಿಷಯ ನಿಮಗೆ ಹೆಂಗ ಗೊತ್ತಾಯ್ತ್ರಿ?" ಅಂತ ವೈನಿ ಕೇಳಿದಾಗ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. 60 ಜನರಲ್ಲಿ ಇನ್‌ಸ್ಟಾಗ್ರಾಮ್ ನೋಡಿ ಬಂದವರು 35. ಉಳಿದ 25 ಜನ ಬಾಯಿಂದ ಬಾಯಿಗೆ ಕೇಳಿ ಬಂದವರು.

ಇನ್‌ಸೈಟ್ಸ್ ಎಲ್ಲಿದೆ, ಯಾವುದನ್ನು ನೋಡಬೇಕು

ಖಾತೆ ಪ್ರೊಫೆಷನಲ್ ಆಗಿರಬೇಕು, ಕ್ರಿಯೇಟರ್ ಆದರೂ ಸರಿ, ಬಿಸಿನೆಸ್ ಆದರೂ ಸರಿ. ಫಾಲೋವರ್ಸ್ 100ಕ್ಕಿಂತ ಕಡಿಮೆ ಇದ್ದರೆ ಊರು, ವಯಸ್ಸಿನ ವಿವರ ತೋರಿಸುವುದಿಲ್ಲ. ಪ್ರೊಫೈಲ್‌ಗೆ ಹೋಗಿ "Professional dashboard" ಒತ್ತಿ, ಅಲ್ಲಿಂದ ಇನ್‌ಸೈಟ್ಸ್‌ಗೆ ಹೋಗಿ. ಆ್ಯಪ್ ಅಪ್‌ಡೇಟ್ ಆದಂತೆ ಬಟನ್ನಿನ ಜಾಗ ಆಚೀಚೆ ಆಗುತ್ತದೆ, ಆದರೆ ಹುಡುಕಬೇಕಾದ ಮೂರು ಮನೆಗಳು ಇವೇ: "Views", "Interactions", "Followers".

ಮೂರರಲ್ಲೂ ಜನರ ವಿವರ ಇರುತ್ತದೆ, ಆದರೆ ಮೂರೂ ಒಂದೇ ಜನ ಅಲ್ಲ. "Followers" ಅಂದರೆ ಪೇಜ್ ಶುರುವಾದಾಗಿನಿಂದ ಕೂಡಿಬಂದ ರಾಶಿ. ಎರಡು ವರ್ಷದ ಹಿಂದೆ ಸುಮ್ನೆ ಒತ್ತಿ ಮರೆತವರೂ ಅದರಲ್ಲಿ ಇರುತ್ತಾರೆ. "Views" ಅಂದರೆ ನೀವು ಆರಿಸಿದ ದಿನಗಳಲ್ಲಿ ನಿಮ್ಮ ರೀಲ್, ಪೋಸ್ಟ್ ನೋಡಿದವರು, ಫಾಲೋ ಮಾಡದವರೂ ಸೇರಿ. "Interactions" ಅಂದರೆ ಲೈಕ್, ಕಾಮೆಂಟ್, ಸೇವ್, ಶೇರ್ ಮಾಡಿದವರು. ಸಣ್ಣ ಪೇಜಿನಲ್ಲಿ ಈ ಮೂರನೆಯದಕ್ಕೆ ಸಾಕಷ್ಟು ಜನ ಇರುವುದಿಲ್ಲ, ವಿವರ ಬಾರದೆ ಹೋಗಬಹುದು.

ಮೊದಲು "Followers" ಒಳಗೆ ಹೋಗಿ ಊರು, ವಯಸ್ಸು, ಲಿಂಗ ಮೂರನ್ನೂ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಇದನ್ನು ನೆನಪಿನಲ್ಲಿ ಇಡಿ: ಮುಂದಿನ ತಿಂಗಳು ಹಿಂದಿನ ತಿಂಗಳ ಫಾಲೋವರ್ಸ್ ಹೇಗಿದ್ದರು ಅಂತ ಅಲ್ಲಿ ಹುಡುಕಿದರೆ ಸಿಗುವುದಿಲ್ಲ, ಈಗಿನ ರಾಶಿ ಮಾತ್ರ ಕಾಣುತ್ತದೆ. ನಂತರ "Views"ನಲ್ಲಿ 30 ದಿನ ಆರಿಸಿ ಅದನ್ನೂ ತೆಗೆದುಕೊಳ್ಳಿ.

ನಮ್ಮ ಫಾಲೋವರ್ಸ್: ಕಲಬುರಗಿ ಶೇ. 38, ಬೆಂಗಳೂರು 17, ಹೈದರಾಬಾದ್ 6, ವಿಜಯಪುರ 5, ಪುಣೆ 3. ಇದನ್ನು ಕೂಡಿಸಿದರೆ 69 ಆಗುತ್ತದೆ. ಉಳಿದ 31 ಎಲ್ಲಿ? ಆ್ಯಪ್ ಮೇಲಿನ ಕೆಲವು ಊರುಗಳನ್ನು ಮಾತ್ರ ತೋರಿಸುತ್ತದೆ, ಉಳಿದವರು ಸಣ್ಣ ಸಣ್ಣ ಊರುಗಳಲ್ಲಿ ಹಂಚಿಹೋಗಿರುತ್ತಾರೆ. ಪಟ್ಟಿಯಲ್ಲಿ ಯಾದಗಿರಿ ಇಲ್ಲ ಅಂದರೆ ಯಾದಗಿರಿಯವರು ಯಾರೂ ಇಲ್ಲ ಅಂತ ಅರ್ಥವಲ್ಲ.

ಊರಿನ ಅಂಕಿ ಅಂದಾಜು ಅನ್ನುವುದೂ ಗೊತ್ತಿರಲಿ. ಹಳ್ಳಿಯಲ್ಲಿ ಮೊಬೈಲ್ ಡೇಟಾ ಬಳಸುವವರು ದೊಡ್ಡ ಊರಿನ ಲೆಕ್ಕಕ್ಕೆ ಬೀಳಬಹುದು. ಶೇ. 17 ಮತ್ತು 19ರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 38 ಮತ್ತು 17ರ ನಡುವಿನದು ನಂಬಲು ಸಾಕು.

ನೂರು ಫಾಲೋವರ್ಸಿಗೆ ಎಷ್ಟು ಗಿರಾಕಿ

ಶೇಕಡಾವನ್ನು ಶೇಕಡಾದ ಪಕ್ಕ ಇಟ್ಟರೆ ಕಣ್ಣಿಗೆ ಕಾಣುತ್ತದೆ, ಆದರೆ ಎಷ್ಟು ದೊಡ್ಡ ಅಂತರ ಅನ್ನುವುದು ಹಿಡಿತಕ್ಕೆ ಸಿಗುವುದಿಲ್ಲ. ಆದ್ದರಿಂದ ಮೊದಲು ಶೇಕಡಾವನ್ನು ಜನ ಮಾಡಿಕೊಳ್ಳಿ. 4,000ದಲ್ಲಿ ಶೇ. 38 ಅಂದರೆ ಕಲಬುರಗಿಯವರು 1,520. ಶೇ. 17 ಅಂದರೆ ಬೆಂಗಳೂರಿನವರು 680. ಹಾಗೇ ಹೈದರಾಬಾದ್ 240, ಪುಣೆ 120. ಆಮೇಲೆ ಆ ಊರಿನ ಗಿರಾಕಿಗಳನ್ನು ಆ ಊರಿನ ಫಾಲೋವರ್ಸಿನಿಂದ ಭಾಗಿಸಿ, ನೂರರಿಂದ ಗುಣಿಸಿ.

ನಾನು ಮೊದಲು ಎಲ್ಲ 60 ಜನರನ್ನೂ ಇಟ್ಟು ಮಾಡಿದೆ. ಪುಣೆ ಎಲ್ಲರಿಗಿಂತ ಮೇಲೆ ಬಂತು, ನೂರು ಫಾಲೋವರ್ಸಿಗೆ 8 ಗಿರಾಕಿ. ಬೆಂಗಳೂರು ನೂರಕ್ಕೆ 4. ನನಗೆ ಕೂತಲ್ಲಿ ನಿಲ್ಲಲಾಗಲಿಲ್ಲ. ಪುಣೆಯವರಿಗೆಂದೇ ರೀಲ್ ಮಾಡೋಣ, ಮರಾಠಿಯಲ್ಲಿ ಎರಡು ಸಾಲು ಬರೆಯೋಣ ಅಂತ ವೈನಿಗೆ ಹೇಳಿದೆ. ಅವರು ರಸೀದಿಗಳನ್ನು ಒಂದೊಂದಾಗಿ ನೆಲದ ಮೇಲೆ ಹರಡಿ ನೋಡಿದರು. "ಇವೆಲ್ಲಾ ಒಂದೇ ಬಿಲ್ಡಿಂಗ್ ಅದಾವಲ್ಲೋ" ಅಂದರು. ಹೌದು, ಏಳು ವಿಳಾಸಗಳಲ್ಲಿ ಅಪಾರ್ಟ್‌ಮೆಂಟಿನ ಹೆಸರು ಒಂದೇ. ಆಳಂದ ಕಡೆಯ ಒಬ್ಬ ಅಕ್ಕ ಅಲ್ಲಿ ಇದ್ದಾರೆ. ಅವರು ತಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಹೇಳಿದ್ದರಿಂದ ಇಷ್ಟು ಜನ ಬಂದಿದ್ದರು. ಅದರಲ್ಲಿ ಇನ್‌ಸ್ಟಾಗ್ರಾಮಿನ ಪಾಲು ಏನೂ ಇರಲಿಲ್ಲ.

ಆದ್ದರಿಂದ ಇನ್‌ಸ್ಟಾಗ್ರಾಮ್ ನೋಡಿ ಬಂದ 35 ಜನರನ್ನು ಮಾತ್ರ ಇಟ್ಟು ಮತ್ತೆ ಮಾಡಿದೆ.

| ಊರು | ಫಾಲೋವರ್ಸ್ | ಇನ್‌ಸ್ಟಾದಿಂದ ಬಂದ ಗಿರಾಕಿ | ನೂರಕ್ಕೆ |
|---|---|---|---|
| ಕಲಬುರಗಿ | 1,520 | 4 | 0.3 |
| ಬೆಂಗಳೂರು | 680 | 21 | 3.1 |
| ಹೈದರಾಬಾದ್ | 240 | 5 | 2.1 |
| ಪುಣೆ | 120 | 3 | 2.5 |

ಹೈದರಾಬಾದ್, ಪುಣೆಯ ಅಂಕಿಗೆ ಇನ್ನೂ ತೂಕ ಇಲ್ಲ. ಅಲ್ಲಿ ಇಬ್ಬರು ಹೆಚ್ಚು ಕೊಂಡರೂ, ಇಬ್ಬರು ಕಡಿಮೆ ಕೊಂಡರೂ ಉತ್ತರ ತಲೆಕೆಳಗಾಗುತ್ತದೆ. ಒಂದು ಊರಿನಿಂದ ಕನಿಷ್ಠ ಹತ್ತು ಗಿರಾಕಿಯಾದರೂ ಆಗುವ ತನಕ ಆ ಊರಿನ ಬಗ್ಗೆ ತೀರ್ಮಾನ ಬೇಡ, ಇದು ನಾನು ಇಟ್ಟುಕೊಂಡ ನಿಯಮ. ಆದರೆ ಬೆಂಗಳೂರು ಮತ್ತು ಕಲಬುರಗಿಯ ನಡುವೆ ಸುಮಾರು 12 ಪಟ್ಟು ಅಂತರ ಇದೆ. ಕಲಬುರಗಿಯ ನಾಲ್ವರು ಎಂಟು ಜನ ಆಗಿದ್ದರೂ ಈ ಮಾತು ಬದಲಾಗುತ್ತಿರಲಿಲ್ಲ.

ಕಾರಣ ಯೋಚಿಸಿದರೆ ಸರಳ. ಕಲಬುರಗಿಯಲ್ಲಿ ರೊಟ್ಟಿ ಮನೆಮನೆಯಲ್ಲಿ ಬಡಿಯುತ್ತಾರೆ. ಮನೆಯಲ್ಲಿ ಆಗದಿದ್ದರೆ ಓಣಿಯ ತಿರುವಿನಲ್ಲೇ ಸಿಗುತ್ತದೆ. ಅವರಿಗೆ ನಮ್ಮ ರೀಲ್ ಚಂದ, ರೊಟ್ಟಿ ಬೇಕಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೋದ ನಮ್ಮ ಕಡೆಯವರಿಗೆ ಬೇಕು.

35ರಲ್ಲಿ 11 ಜನ ನಮ್ಮನ್ನು ಫಾಲೋ ಮಾಡಿಯೇ ಇರಲಿಲ್ಲ ಅನ್ನುವುದೂ ಆಗಲೇ ಗೊತ್ತಾಯಿತು. ರೀಲ್ ನೋಡಿದರು, ಮೆಸೇಜು ಹಾಕಿದರು, ಕೊಂಡರು, ಅಷ್ಟೇ. ಇದನ್ನು ನೋಡಲು ಫಾಲೋವರ್ಸ್ ಪಟ್ಟಿಯ ಮೇಲಿನ ಹುಡುಕುವ ಜಾಗದಲ್ಲಿ ಗಿರಾಕಿಯ ಖಾತೆಯ ಹೆಸರು ಹಾಕಿದರೆ ಸಾಕು. ಇಂಥವರು ಜಾಸ್ತಿ ಇದ್ದರೆ ಫಾಲೋವರ್ಸಿನ ಲೆಕ್ಕ ಅರ್ಧ ಚಿತ್ರ ಮಾತ್ರ ಕೊಡುತ್ತದೆ. "Views"ನ ಊರುಗಳನ್ನೂ ಪಕ್ಕದಲ್ಲಿಟ್ಟು ಓದಬೇಕು. ನಮ್ಮಲ್ಲಿ ಅದು ಇನ್ನೂ ವಾಲಿತ್ತು: ಕಲಬುರಗಿ ಶೇ. 46, ಬೆಂಗಳೂರು 14.

ಖಾತೆ ಗಂಡನದು, ಅಡುಗೆ ಮನೆ ಹೆಂಡತಿಯದು

ಲಿಂಗದ ಅಂಕಿಯನ್ನು ಓದುವಾಗ ನಮ್ಮ ಕಡೆಯ ಮನೆಗಳು ಹೇಗೆ ನಡೆಯುತ್ತವೆ ಅನ್ನುವುದನ್ನು ಮರೆಯಬಾರದು. ನಮ್ಮ ಫಾಲೋವರ್ಸಿನಲ್ಲಿ ಗಂಡಸರು ಶೇ. 71, ಹೆಂಗಸರು 29. ಇಷ್ಟೇ ನೋಡಿದ್ದರೆ ಗಂಡಸರಿಗೆ ಹಿಡಿಸುವ ರೀಲ್ ಮಾಡಬೇಕು ಅಂತ ಅನಿಸುತ್ತಿತ್ತು.

35 ಗಿರಾಕಿಗಳನ್ನು ಖಾತೆಯ ಹೆಸರಿನ ಪ್ರಕಾರ ಎಣಿಸಿದರೆ ಗಂಡಸರು 20, ಹೆಂಗಸರು 15. ಯುಪಿಐ ಹೆಸರಿನ ಪ್ರಕಾರ ಎಣಿಸಿದರೆ ಗಂಡಸರು ಇನ್ನೂ ಜಾಸ್ತಿ. ಆದರೆ ಚಾಟ್ ತೆರೆದು ಓದಿದಾಗ ಬೇರೆಯೇ ಕಂಡಿತು. ಒಂದು ಖಾತೆಯ ಫೋಟೋದಲ್ಲಿ ಬುಲೆಟ್ ಮೇಲೆ ಕೂತ ಹುಡುಗ. ಅದರಿಂದ ಬಂದ ಧ್ವನಿ ಸಂದೇಶ ಹೆಂಗಸಿನದು: "ಇದು ನಮ್ಮ ಮಗನ ನಂಬರ್ ರಿ. ರೊಟ್ಟಿ ಮುರಿದು ಬರ್ತಾವೇನು? ಹಿಂಡಿಗಿ ಬಳ್ಳೊಳ್ಳಿ ಹಾಕೀರೇನು?" ಮಾತಾಡಿದವರು, ಎಷ್ಟು ಬೇಕು ಅಂತ ಹೇಳಿದವರು ಯಾರು ಅಂತ ನೋಡಿ ಎಣಿಸಿದಾಗ ಹೆಂಗಸರು 23, ಗಂಡಸರು 12 ಆದರು.

ಇನ್‌ಸೈಟ್ಸ್ ಸುಳ್ಳು ಹೇಳುತ್ತಿಲ್ಲ. ಖಾತೆ ಮಾಡುವಾಗ ಕೊಟ್ಟ ವಿವರವನ್ನು ಅದು ಎಣಿಸುತ್ತದೆ. ಆ ಫೋನ್ ಯಾರ ಕೈಯಲ್ಲಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ವಹಿಯಲ್ಲಿ "ನಿಜವಾಗಿ ಆರ್ಡರ್ ಹೇಳಿದವರು" ಅನ್ನುವ ಮನೆ ಬೇಕು ಅಂದದ್ದು.

ವಯಸ್ಸಿನ ಮಾತೂ ಹೀಗೇ. ನಮ್ಮ ಫಾಲೋವರ್ಸಿನಲ್ಲಿ 18–24ರವರು ಶೇ. 44. ಗಿರಾಕಿಗಳ ವಯಸ್ಸು ಕೇಳುವುದು ಸರಿಯಲ್ಲ, ಕೇಳಬೇಕಾಗಿಯೂ ಇಲ್ಲ. ನಾನು ಅವರನ್ನು ಮೂರು ಗುಂಪು ಮಾಡಿದೆ: ಓದುವವರು, ಕೆಲಸಕ್ಕೆ ಸೇರಿ ಪೀಜಿ ಅಥವಾ ರೂಮಿನಲ್ಲಿ ಇರುವವರು, ಮನೆ ಮಾಡಿಕೊಂಡ ಸಂಸಾರಸ್ಥರು. ವಿಳಾಸ ಮತ್ತು ಆರ್ಡರಿನ ಗಾತ್ರದಿಂದ ಇದು ತಿಳಿಯುತ್ತದೆ. ಹತ್ತು ರೊಟ್ಟಿ, ಒಂದು ಪಾಕೀಟು ಹಿಂಡಿ ಪೀಜಿಗೆ ಹೋಗುತ್ತದೆ. ಐವತ್ತು ರೊಟ್ಟಿ ಸಂಸಾರಕ್ಕೆ ಹೋಗುತ್ತದೆ. ಓದುವವರು 3, ರೂಮಿನವರು 11, ಸಂಸಾರದವರು 21 ಬಂದರು.

ವಯಸ್ಸಿನ ಪರದೆಯಲ್ಲಿ ಇನ್ನೊಂದು ಎಡವುವ ಜಾಗ ಇದೆ. ಗಂಡಸರು ಅಥವಾ ಹೆಂಗಸರು ಅಂತ ಬೇರೆ ಮಾಡಿ ನೋಡುವಾಗ ಬರುವ ಶೇಕಡಾ ಯಾವುದರ ಪಾಲು ಅಂತ ತಿಳಿದುಕೊಳ್ಳಿ. ಆ ಪಟ್ಟಿಯನ್ನು ಮೇಲಿಂದ ಕೆಳಗೆ ಕೂಡಿಸಿ. ನೂರರ ಹತ್ತಿರ ಬಂದರೆ ಅದು ಆ ಗುಂಪಿನೊಳಗಿನ ಪಾಲು. ಹೆಂಗಸರಲ್ಲಿ 35–44ರವರು ಶೇ. 25 ಅಂತ ಕಂಡರೆ ಒಟ್ಟು ಫಾಲೋವರ್ಸಿನ ಕಾಲು ಭಾಗ ಅಂತ ತಿಳಿಯಬೇಡಿ. ನಮ್ಮಲ್ಲಾದರೆ ಅದು 29ರಲ್ಲಿ ಕಾಲು ಭಾಗ, ಅಂದರೆ ಒಟ್ಟಿನಲ್ಲಿ ಶೇ. 7ರಷ್ಟು ಮಾತ್ರ.

ಕೊಳ್ಳದ ಫಾಲೋವರ್ಸ್ ಎಲ್ಲಿಂದ ಬಂದರು

ಇನ್‌ಸೈಟ್ಸ್ ಒಳಗೆ ಪ್ರತಿ ರೀಲ್‌ಗೂ ಅದರಿಂದ ಎಷ್ಟು ಜನ ಫಾಲೋ ಮಾಡಿದರು ಅಂತ "Follows" ಅಂಕಿ ಇರುತ್ತದೆ. ಹಳೆಯ ರೀಲ್‌ಗಳನ್ನು ಒಂದೊಂದಾಗಿ ತೆರೆದು ಇದನ್ನು ಬರೆದುಕೊಂಡೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವುದನ್ನು ತೆಗೆದ ಒಂದು ರೀಲಿನಿಂದಲೇ 900 ಫಾಲೋವರ್ಸ್ ಬಂದಿದ್ದರು. ಅದರಲ್ಲಿ ರೊಟ್ಟಿ ಇರಲೇ ಇಲ್ಲ. ಊರ ಹುಡುಗರು ಊರ ತೇರು ನೋಡಿ ಫಾಲೋ ಮಾಡಿದ್ದರು. ಅವರ ತಪ್ಪೇನೂ ಇಲ್ಲ, ನಾನು ಅವರನ್ನು ಕರೆದದ್ದು ತೇರಿಗೆ.

ವೈನಿ ಖಡಕ್ ರೊಟ್ಟಿಗಳನ್ನು ಕಾಗದ ಸುತ್ತಿ, ಗಟ್ಟಿ ಡಬ್ಬದಲ್ಲಿ ನಿಲ್ಲಿಸಿ ತುಂಬುವ ಒಂದು ಹಳೆಯ ರೀಲ್ ಇತ್ತು. ಅದರಿಂದ ಫಾಲೋ ಮಾಡಿದವರು 34 ಮಾತ್ರ. ಆದರೆ 35 ಗಿರಾಕಿಗಳಲ್ಲಿ 9 ಜನ ಮೊದಲ ಮೆಸೇಜನ್ನು ಆ ರೀಲಿನ ಕೆಳಗೆ ಅಥವಾ ಅದನ್ನೇ ಕಳಿಸಿ ಹಾಕಿದ್ದರು. ಫಾಲೋವರ್ಸ್ ಅಂಕಿಯಲ್ಲಿ ಈ ರೀಲ್ ಕಣ್ಣಿಗೇ ಬೀಳುವುದಿಲ್ಲ, ವಹಿಯಲ್ಲಿ ಅದು ಎಲ್ಲಕ್ಕಿಂತ ಮೇಲಿದೆ.

ಬದಲಿಸಿ ನೋಡುವುದು, ಮತ್ತೆ ಅಳೆಯುವುದು

ತಿಂಗಳಿಗೆ ಎಂಟು ರೀಲ್ ಮಾಡಿದೆವು. ಎಲ್ಲದರಲ್ಲೂ ವೈನಿಯ ಕೈ, ರೊಟ್ಟಿ, ಡಬ್ಬ. ಮೊದಲ ಸಾಲಿನಲ್ಲೇ "ಬೆಂಗಳೂರಿಗೆ ಮುರಿಯದ ಹಾಗೆ ಕಳಿಸ್ತೀವಿ" ಅಂತ ಹಾಕಿದೆವು. ಮಧ್ಯಾಹ್ನದ ಬದಲು ರಾತ್ರಿ ಊಟ ಮುಗಿಯುವ ಹೊತ್ತಿಗೆ ಹಾಕಿದೆವು. ಜಾಹೀರಾತಿಗೆ ದುಡ್ಡು ಹಾಕಲಿಲ್ಲ, ಎರಡನ್ನೂ ಒಟ್ಟಿಗೆ ಮಾಡಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುತ್ತಿರಲಿಲ್ಲ.

ತಿಂಗಳ ಕೊನೆಗೆ "Followers" ನೋಡಿದರೆ ಬೆಂಗಳೂರು 17ರಿಂದ 18 ಆಗಿತ್ತು, ಅಷ್ಟೇ. ಇಲ್ಲಿ ಎದೆಗುಂದುವವರು ಬಹಳ. 4,000ದ ಹಳೆಯ ರಾಶಿಗೆ 60 ಹೊಸಬರು ಸೇರಿದರೆ ಶೇಕಡಾ ಎಷ್ಟು ತಾನೇ ಅಲ್ಲಾಡೀತು? ಬದಲಾವಣೆ ಮೊದಲು ಕಾಣುವುದು "Views"ನಲ್ಲಿ. ಅಲ್ಲಿ ಬೆಂಗಳೂರು 14ರಿಂದ 27ಕ್ಕೆ ಏರಿತ್ತು, ಕಲಬುರಗಿ 46ರಿಂದ 33ಕ್ಕೆ ಇಳಿದಿತ್ತು. ವಹಿಯಲ್ಲಿ ಇನ್‌ಸ್ಟಾಗ್ರಾಮಿನಿಂದ ಬಂದ ಹೊಸ ಗಿರಾಕಿಗಳು ತಿಂಗಳಿಗೆ ಸುಮಾರು 12 ಇದ್ದದ್ದು 18 ಆದರು. ಒಂದು ತಿಂಗಳ ಆರು ಜನ ಆಕಸ್ಮಿಕವೂ ಆಗಿರಬಹುದು, ಅಲ್ವಾ? ಇನ್ನೊಂದು ತಿಂಗಳು ಹಾಗೇ ಮುಂದುವರಿಸಿದೆವು, 16 ಬಂದರು. ಆಗ ನಂಬಿಕೆ ಬಂತು.

ಅಳೆಯುವ ತಿಂಗಳು ಯಾವುದು ಅನ್ನುವುದು ಬಹಳ ಮುಖ್ಯ. ಎಳ್ಳ ಅಮಾವಾಸ್ಯೆ ಹತ್ತಿರ ಬಂದರೆ ಊರು ಬಿಟ್ಟವರಿಗೆ ಹೊಲ, ಭಜ್ಜಿ, ಸಜ್ಜಿ ರೊಟ್ಟಿ ನೆನಪಾಗುತ್ತದೆ. ಆ ಹದಿನೈದು ದಿನ ಬೆಂಗಳೂರಿನ ಆರ್ಡರ್ ತಾನಾಗಿಯೇ ಏರುತ್ತದೆ, ರೀಲ್ ಹೇಗೇ ಇರಲಿ. ಅಂಥ ತಿಂಗಳನ್ನು ಅದರ ಹಿಂದಿನ ತಿಂಗಳ ಜೊತೆ ಹೋಲಿಸಿದರೆ ಸುಳ್ಳು ಸಂತೋಷ ಸಿಗುತ್ತದೆ. ನಾನು ವಹಿಯಲ್ಲಿ ಆ ದಿನಗಳ ಸಾಲುಗಳಿಗೆ ಬೇರೆ ಬಣ್ಣ ಹಚ್ಚಿಟ್ಟಿದ್ದೇನೆ. ಅವನ್ನು ಮುಂದಿನ ವರ್ಷದ ಅದೇ ಅಮಾವಾಸ್ಯೆಯ ಜೊತೆಗೇ ಹೋಲಿಸುತ್ತೇನೆ.

ಈಗ ಮೂರು ತಿಂಗಳಿಗೊಮ್ಮೆ ಈ ತಾಳೆ ನೋಡುತ್ತೇವೆ. ಪ್ರತಿ ಹೊಸ ಗಿರಾಕಿಗೂ ವೈನಿ ಅದೇ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಹಿಟ್ಟಿನ ಕೈಯಲ್ಲೇ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡುತ್ತಾರೆ: "ಇನ್‌ಸ್ಟಾ", "ಪುಣೆ ಅಕ್ಕ", "ಬಸ್ಸಿನ್ಯಾಗ ಕೇಳಿದ್ದು". ಭಾನುವಾರ ನಾನು ಅದನ್ನು ಶೀಟಿಗೆ ಏರಿಸುತ್ತೇನೆ.